ಸಂಪಿನ ಲೆಕ್ಕ, ಲೋಡಿನ ಲೆಕ್ಕ

ಬೋರ್‌ವೆಲ್ ಒಂದೇ ದಿನಕ್ಕೆ ಕೈಕೊಡುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ತುಂಬುತ್ತಿದ್ದ ಮೇಲಿನ ಟ್ಯಾಂಕಿಗೆ ಒಂದೂವರೆ ಗಂಟೆ ಬೇಕಾಗುತ್ತದೆ. ಆಮೇಲೆ ಪೈಪಿನ ಬಾಯಲ್ಲಿ ನೀರಿಗಿಂತ ಗಾಳಿಯೇ ಹೆಚ್ಚಾಗಿ ಬುಸುಗುಟ್ಟತೊಡಗುತ್ತದೆ. ನೀರಿಗೆ ಕೆಂಪು ಬಣ್ಣ ಬರುತ್ತದೆ. ಇಷ್ಟೆಲ್ಲ ಆಗುವ ಹೊತ್ತಿಗೆ ಒಂದು ತಿಂಗಳಾದರೂ ಕಳೆದಿರುತ್ತದೆ. ಆದರೆ ಬಾಡಿಗೆ ಕಟ್ಟಡದಲ್ಲಿ ಈ ಲಕ್ಷಣಗಳನ್ನು ಗಮನಿಸುವವರು ಯಾರೂ ಇರುವುದಿಲ್ಲ. ಓನರು ಬೇರೆ ಬಡಾವಣೆಯಲ್ಲಿರುತ್ತಾರೆ, ಮೋಟರ್ ಹಾಕುವುದು ಕೆಳಮನೆಯವರ ಕೆಲಸ, ಉಳಿದವರಿಗೆ ನಲ್ಲಿ ತಿರುಗಿಸಿದರೆ ನೀರು ಬಂದರಾಯಿತು. ಒಂದು ಬೆಳಿಗ್ಗೆ ನಲ್ಲಿ ಸುಮ್ಮನಾದಾಗ ಎಂಟೂ ಮನೆಯವರು ಒಟ್ಟಿಗೆ ಮೆಟ್ಟಿಲಿಳಿದು ಬರುತ್ತಾರೆ. ಅವತ್ತು ಸಿಕ್ಕ ಟ್ಯಾಂಕರ್‌ನವನು ಕೇಳಿದ್ದೇ ಬೆಲೆ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಹೊರವಲಯದ ಬಡಾವಣೆಗಳು ಇದನ್ನು ಒಟ್ಟಾಗಿ ಅನುಭವಿಸಿದವು. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಖಾಸಗಿ ಬೋರುಗಳ ಕಥೆ ಇದಕ್ಕಿಂತ ಬೇರೆಯಾಗಿರಲಿಲ್ಲ. ಟ್ಯಾಂಕರ್ ದರ ಹತೋಟಿ ಮೀರಿದಾಗ ಜಿಲ್ಲಾಡಳಿತ ನಾಲ್ಕು ತಿಂಗಳ ಮಟ್ಟಿಗೆ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿನ ಲೋಡಿಗೆ 600 ರೂಪಾಯಿ, 12,000 ಲೀಟರಿನದಕ್ಕೆ 1,000 ರೂಪಾಯಿ, ದೂರ ಹೆಚ್ಚಾದರೆ ಇನ್ನಷ್ಟು, ಜೊತೆಗೆ ಜಿಎಸ್‌ಟಿ. ಆ ದರಕ್ಕೆ ಎಷ್ಟು ಕಟ್ಟಡಗಳಿಗೆ ನೀರು ಸಿಕ್ಕಿತು ಎನ್ನುವುದು ಬೇರೆ ಮಾತು. ದರಪಟ್ಟಿ ಕೈಯಲ್ಲಿದ್ದರೂ ಲೋಡು ಎಲ್ಲಿಳಿಸಬೇಕು, ಎಷ್ಟಿಳಿಯಿತು, ದುಡ್ಡು ಯಾರು ಕೊಡಬೇಕು ಎಂಬುದು ತೀರ್ಮಾನವಾಗದ ಕಟ್ಟಡದಲ್ಲಿ ಜಗಳ ಮಾತ್ರ ತಪ್ಪಲಿಲ್ಲ.

ಈ ತೀರ್ಮಾನಗಳನ್ನು ಮಾಡಲು ಬೇಕಾದದ್ದು ಒಂದು ಅಳತೆ ಟೇಪು, ಒಂದು ಕೋಲು, ಒಂದು ಸಂಜೆ. ಒಂದು ಕಟ್ಟಡವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಹೊರಮಾವು ಕಡೆ ಗಲ್ಲಿಗೆ ಹತ್ತರಂತೆ ಕಾಣುವ ನಮೂನೆ ಅದು: ಮೂವತ್ತು-ನಲವತ್ತರ ಸೈಟು, ನೆಲಮಹಡಿಯ ಮೇಲೆ ಮೂರು ಮಹಡಿ, ಎಂಟು ಮನೆ, ಒಟ್ಟು 26 ಜನ. ಒಂದು ಬೋರು, ನೆಲದಡಿ ಒಂದು ಸಂಪು, ತಾರಸಿಯ ಮೇಲೆ ಸಾವಿರ ಲೀಟರಿನ ಮೂರು ಕಪ್ಪು ಟ್ಯಾಂಕು. ಕಾವೇರಿ ಸಂಪರ್ಕ ಇಲ್ಲ.

ಮೊದಲು ಬೋರಿನಲ್ಲಿ ಉಳಿದಿರುವುದೆಷ್ಟು ಎಂದು ನೋಡಬೇಕು. ಬೆಂಗಳೂರಿನ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಆ ಬಂಡೆಯ ಬಿರುಕುಗಳಲ್ಲಿ. ಸಾವಿರ ಅಡಿ ಕೊರೆಸಿದರೂ ಬಿರುಕು ಸಿಕ್ಕದಿದ್ದರೆ ಧೂಳೇ ಗತಿ. ಬಿರುಕಿಗೆ ನೀರು ಜಿನುಗಿ ಬರುವ ವೇಗಕ್ಕಿಂತ ಜೋರಾಗಿ ಮೋಟರ್ ಎಳೆದರೆ ಬೋರು ಖಾಲಿಯಾಗುತ್ತದೆ, ಬಿಟ್ಟರೆ ಮತ್ತೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಆದ್ದರಿಂದ ‘ನಿಂತುಹೋಯಿತು’ ಎಂದು ಕೈಬಿಟ್ಟ ಎಷ್ಟೋ ಬೋರುಗಳಲ್ಲಿ ದಿನಕ್ಕೆ ನಾಲ್ಕಾರು ನೂರು ಲೀಟರ್ ಇನ್ನೂ ಇರುತ್ತದೆ. ಅದನ್ನು ತಿಳಿಯಲು 200 ಲೀಟರಿನ ಡ್ರಮ್ಮೊಂದನ್ನು ಸಂಪಿನ ಪಕ್ಕ ಇಟ್ಟು ಎಷ್ಟು ನಿಮಿಷಕ್ಕೆ ತುಂಬಿತು ನೋಡಬೇಕು. ಗಾಳಿ ಉಗುಳುವವರೆಗೆ ಓಡಿಸಿ, ನಿಲ್ಲಿಸಿ, ಕೆಲವು ಗಂಟೆ ಬಿಟ್ಟು ಮತ್ತೆ ನೋಡಬೇಕು. ನಮ್ಮ ಕಟ್ಟಡದ ಬೋರು ನಿಮಿಷಕ್ಕೆ 20 ಲೀಟರಿನಂತೆ ಇಪ್ಪತ್ತು ನಿಮಿಷ ಕೊಡುತ್ತದೆ ಎಂದಿಟ್ಟುಕೊಳ್ಳಿ, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಅಲ್ಲಿಗೆ ದಿನಕ್ಕೆ 800 ಲೀಟರ್.

ಇದನ್ನು ಕೈಯಿಂದ ಮಾಡಲು ಹೋದರೆ ಯಾರಾದರೂ ಒಂದು ದಿನ ಮೋಟರ್ ಹಾಕಿ ಮರೆಯುತ್ತಾರೆ. ಸಬ್‌ಮರ್ಸಿಬಲ್ ಮೋಟರ್ ತಣ್ಣಗಿರುವುದೇ ಸುತ್ತಲಿನ ನೀರಿನಿಂದ. ನೀರಿಲ್ಲದೆ ಓಡಿದರೆ ಸುಟ್ಟುಹೋಗುತ್ತದೆ. ಮೇಲೆತ್ತಿಸಿ ವೈಂಡಿಂಗ್ ಮಾಡಿಸುವ ಖರ್ಚಿನಲ್ಲಿ ಹಲವು ಲೋಡು ನೀರು ಬರುತ್ತದೆ. ಸ್ಟಾರ್ಟರ್ ಪೆಟ್ಟಿಗೆಗೆ ಟೈಮರನ್ನೂ, ನೀರು ತಪ್ಪಿದಾಗ ತಾನೇ ಆಫ್ ಆಗುವ ಡ್ರೈರನ್ ಸಾಧನವನ್ನೂ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸುವುದು ಓನರು ಮಾಡಬೇಕಾದ ಮೊದಲ ಖರ್ಚು.

ಇನ್ನು ಬೇಕಾಗುವ ನೀರು. ನಗರಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂದು ಸರ್ಕಾರಿ ಮಾನದಂಡ ಹೇಳುತ್ತದೆ. ಬೇಸಿಗೆಯಲ್ಲಿ ಹಿಡಿತದಿಂದ ಬಳಸಿದರೆ 110ರಲ್ಲಿ ನಡೆಯುತ್ತದೆ. 26 ಜನಕ್ಕೆ 2,860, ಸುಲಭಕ್ಕೆ 2,900 ಎನ್ನೋಣ. ಅದರಲ್ಲಿ ಬೋರಿನ 800 ಕಳೆದರೆ ದಿನಕ್ಕೆ 2,100 ಲೀಟರ್ ಹೊರಗಿನಿಂದ ಬರಬೇಕು. ತಿಂಗಳಿಗೆ 63,000. ಆರು ಸಾವಿರದ ಲೋಡಿನಲ್ಲಿ ಹೇಳುವುದಾದರೆ ಹತ್ತೂವರೆ.

ಇಲ್ಲಿಯವರೆಗಿನ ಲೆಕ್ಕ ಎಲ್ಲರೂ ಹಾಕುತ್ತಾರೆ. ಎಡವುವುದು ಸಂಪಿನಲ್ಲಿ.

ದೊಡ್ಡ ಟ್ಯಾಂಕರ್ ತರಿಸಿದರೆ ಅಗ್ಗ ಎಂಬುದು ಮೇಲಿನ ದರಪಟ್ಟಿಯಲ್ಲೇ ಕಾಣುತ್ತದೆ. ಸಣ್ಣ ಲೋಡಿನಲ್ಲಿ ಲೀಟರಿಗೆ ಹತ್ತು ಪೈಸೆಯಾದರೆ ದೊಡ್ಡದರಲ್ಲಿ ಎಂಟು ಚಿಲ್ಲರೆ. ಆದರೆ ಆ ನೀರನ್ನು ಎಲ್ಲಿ ಇಳಿಸುತ್ತೀರಿ? ನಮ್ಮ ಕಟ್ಟಡದ ಸಂಪು ಎಂಟಡಿ ಉದ್ದ, ಆರಡಿ ಅಗಲ, ಆರಡಿ ಆಳ. ಒಂದು ಘನ ಅಡಿಗೆ 28.3 ಲೀಟರಿನಂತೆ ಗುಣಿಸಿದರೆ 8,150 ಲೀಟರ್. ‘ನಮ್ಮದು ಎಂಟು ಸಾವಿರದ ಸಂಪು’ ಎಂದು ಓನರು ಹೇಳುವುದು ಇದನ್ನೇ. ಅಷ್ಟೂ ಬಳಕೆಗೆ ಸಿಗುವುದಿಲ್ಲ. ತಳದ ಆರಿಂಚು ಫುಟ್‌ವಾಲ್ವಿನ ಕೆಳಗೆ ಉಳಿಯುತ್ತದೆ, ಅದರಲ್ಲಿ ಮಣ್ಣೇ ಹೆಚ್ಚು. ಮೇಲಿನ ಆರಿಂಚು ಖಾಲಿ ಬಿಡಬೇಕು. ನಡುವಿನ ಐದಡಿಯಲ್ಲಿ ಹಿಡಿಯುವುದು 6,800 ಲೀಟರಿನಷ್ಟು. ಹನ್ನೆರಡು ಸಾವಿರದ ಲಾರಿ ಬಂದರೆ ಅರ್ಧದಷ್ಟು ನೀರಿನೊಂದಿಗೆ ವಾಪಸು ಹೋಗುತ್ತದೆ, ಪೂರ್ತಿ ದುಡ್ಡು ತೆಗೆದುಕೊಂಡು. ಗಲ್ಲಿಯಲ್ಲಿ ಅದು ತಿರುಗಿಕೊಳ್ಳಲು ಜಾಗವಿದೆಯೇ ಎಂಬ ಪ್ರಶ್ನೆ ಇದರ ಮೇಲೆ.

ಆರು ಸಾವಿರದ ಲೋಡೂ ಕೂಡ ಸಂಪು ಹೆಚ್ಚುಕಡಿಮೆ ಬರಿದಾದಾಗಲೇ ಹಿಡಿಸುತ್ತದೆ. 800 ಲೀಟರಿಗಿಂತ ಹೆಚ್ಚು ನೀರು ಉಳಿದಿದ್ದರೆ ಬಂದದ್ದು ಉಕ್ಕುತ್ತದೆ. ಆದರೆ ಬರಿದಾಗುವವರೆಗೆ ಕಾದು ಫೋನ್ ಮಾಡಿದರೆ ಏಪ್ರಿಲ್‌ನಲ್ಲಿ ಯಾವ ಟ್ಯಾಂಕರೂ ತಕ್ಷಣ ಬರುವುದಿಲ್ಲ. ಟ್ಯಾಂಕರ್‌ನವರು ನೀರು ತುಂಬಿಸಿಕೊಳ್ಳುವುದು ಊರಾಚೆಯ ಬೋರುಗಳಲ್ಲಿ. ಅಲ್ಲಿ ತ್ರೀಫೇಸ್ ಕರೆಂಟು ಬಂದಾಗ ಮಾತ್ರ ಮೋಟರ್ ಓಡುತ್ತದೆ, ಮುಂದೆ ನಾಲ್ಕು ಲಾರಿ ಸಾಲು ನಿಂತಿರುತ್ತವೆ, ಆ ಬೋರೂ ಬೇಸಿಗೆಯಲ್ಲಿ ಸೊರಗಿರುತ್ತದೆ. ‘ಬರ್ತೀನಿ ಸಾರ್, ಲೈನಲ್ಲಿದೀನಿ’ ಎಂಬ ಮಾತಿನಲ್ಲಿ ಸುಳ್ಳು ಇಲ್ಲ. ಲೈನು ಎಷ್ಟುದ್ದ ಎನ್ನುವುದನ್ನು ಮಾತ್ರ ಅವನು ಹೇಳುವುದಿಲ್ಲ.

ಇದಕ್ಕೆ ಪರಿಹಾರ ಸಂಪಿನ ಗೋಡೆಯ ಮೇಲೆ ಅಥವಾ ಅಳತೆಯ ಕೋಲಿನ ಮೇಲೆ ಒಂದು ಗೆರೆ. ಎಂಟು-ಆರರ ಸಂಪಿನಲ್ಲಿ ಒಂದಿಂಚು ನೀರೆಂದರೆ 113 ಲೀಟರ್. ಟ್ಯಾಂಕರ್ ಬರಲು ಒಂದೂವರೆ ದಿನ ಬೇಕೆಂದು ಅನುಭವದಿಂದ ಗೊತ್ತಾಗಿದ್ದರೆ, ಅಷ್ಟರಲ್ಲಿ ಸಂಪಿನಿಂದ ಹೋಗುವುದು 3,150 ಲೀಟರ್, ಎಂದರೆ 28 ಇಂಚು. ಫುಟ್‌ವಾಲ್ವಿನಿಂದ ಮೇಲಕ್ಕೆ 28 ಇಂಚಿನಲ್ಲಿ ಕೆಂಪು ಬಣ್ಣದ ಗೆರೆ ಎಳೆಯಿರಿ. ನೀರು ಆ ಗೆರೆ ಮುಟ್ಟಿದ ಹೊತ್ತಿಗೆ ಫೋನ್ ಹೋಗಬೇಕು. ಲೋಡು ಬರುವಾಗ ಸಂಪು ಬರಿದಾಗುತ್ತಿರುತ್ತದೆ, ತಾರಸಿಯ ಮೂರು ಸಾವಿರ ಲೀಟರ್ ತುಂಬಿಯೇ ಇರುತ್ತದೆ. ಆ ಮೂರು ಸಾವಿರ ಒಂದು ದಿನದ ಆಪದ್ಧನ, ಅದನ್ನು ಲೆಕ್ಕಕ್ಕೆ ಸೇರಿಸಬಾರದು. ಟ್ಯಾಂಕರ್ ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟರೆ? ಅವನು ಪೈಪು ಬಿಚ್ಚುವಷ್ಟರಲ್ಲಿ ಸಂಪಿನ ಮೋಟರ್ ಹಾಕಿ ಮೇಲಿನ ಟ್ಯಾಂಕುಗಳಲ್ಲಿರುವ ಜಾಗವನ್ನೆಲ್ಲ ತುಂಬಿಸಿಕೊಳ್ಳಿ. ಅಷ್ಟೂ ಸಾಲದೆ ಹೋದರೆ ಪಕ್ಕದ ಕಟ್ಟಡದವರನ್ನು ಕೂಗಿ, ಮಿಕ್ಕದ್ದನ್ನು ಅವರ ಸಂಪಿಗೆ ಬಿಡಿಸಿ, ದುಡ್ಡು ಹಂಚಿಕೊಳ್ಳಬಹುದು. ರಸ್ತೆಗೆ ಹರಿಯುವುದಕ್ಕಿಂತ ಇದು ಮೇಲು.

ಹೀಗೆ ಲೆಕ್ಕ ಹಾಕಿದರೆ ವೇಳಾಪಟ್ಟಿ ತಾನಾಗಿ ಮೂಡುತ್ತದೆ. ಮೂರು ದಿನಕ್ಕೊಂದು ಲೋಡು. ಮೂರು ದಿನದ ಖರ್ಚು 6,300, ಬರುವುದು 6,000. ಪ್ರತಿ ಸಲ 300 ಲೀಟರ್ ಬಾಕಿ ಬೀಳುತ್ತದೆ. ಆ ಬಾಕಿ ಬೆಳೆಯಲು ಬಿಡದೆ ತಿಂಗಳಲ್ಲಿ ಒಂದೆರಡು ಸಲ ಒಂದು ದಿನ ಮುಂಚೆ ತರಿಸಬೇಕು. ತಿಂಗಳಿಗೆ ಹನ್ನೊಂದು ಎಂದು ಟ್ಯಾಂಕರ್‌ನವನಿಗೆ ಮೊದಲೇ ಹೇಳಿ, ವಾರ ಗೊತ್ತು ಮಾಡಿಕೊಂಡರೆ ನೀವು ಅವನ ಖಾಯಂ ಗಿರಾಕಿ. ಬೇಸಿಗೆಯಲ್ಲಿ ಅವನು ಮೊದಲು ಹೋಗುವುದು ಖಾಯಂ ಗಿರಾಕಿಗಳ ಮನೆಗೆ, ಅದರಲ್ಲೂ ಲೋಡು ಇಳಿದ ತಕ್ಷಣ ದುಡ್ಡು ಕೊಡುವವರ ಮನೆಗೆ. ಎಂಟು ಮನೆಯಿಂದ ವಸೂಲಿ ಮಾಡಿ ಕೊಡುತ್ತೇನೆಂದು ಹತ್ತು ದಿನ ಸತಾಯಿಸುವ ಕಟ್ಟಡ ಪಟ್ಟಿಯ ಕೊನೆಗೆ ಹೋಗುತ್ತದೆ. ಇದಕ್ಕಾಗಿಯೇ ಒಂದು ತಿಂಗಳ ಟ್ಯಾಂಕರ್ ಹಣವನ್ನು ಮುಂಗಡವಾಗಿ ಕೂಡಿಸಿ ಒಬ್ಬರ ಬಳಿ ಇಟ್ಟಿರಬೇಕು. ಇನ್ನೊಬ್ಬ ಟ್ಯಾಂಕರ್‌ನವನ ನಂಬರೂ ಇರಲಿ. ತಿಂಗಳಿಗೆ ಒಂದೆರಡು ಲೋಡು ಅವನಿಂದಲೂ ತರಿಸಿದರೆ ಕಷ್ಟಕಾಲದಲ್ಲಿ ಅವನಿಗೆ ನಿಮ್ಮ ಪರಿಚಯವಿರುತ್ತದೆ. ಜಲಮಂಡಳಿಯೂ 2025ರಲ್ಲಿ ‘ಸಂಚಾರಿ ಕಾವೇರಿ’ ಹೆಸರಿನಲ್ಲಿ ತನ್ನದೇ ಟ್ಯಾಂಕರ್ ವ್ಯವಸ್ಥೆ ಶುರುಮಾಡಿದೆ.

ಈಗ ಲೋಡು ಇಳಿಯುವ ಹೊತ್ತಿನಲ್ಲಿ ಸಂಪಿನ ಬಳಿ ನಿಲ್ಲೋಣ. ಟ್ಯಾಂಕರ್ ಬಂದು ನಿಂತಿದೆ, ಹುಡುಗ ದಪ್ಪ ಪೈಪನ್ನು ಎಳೆದು ತಂದು ಸಂಪಿನ ಬಾಯಿಗೆ ಇಳಿಬಿಟ್ಟಿದ್ದಾನೆ. ಕೆಳಮನೆಯ ಆಂಟಿ ಮೊದಲು ಮೇಲಿನ ಟ್ಯಾಂಕಿಗೆ ಹೋಗುವ ಮೋಟರ್ ಆಫ್ ಮಾಡುತ್ತಾರೆ. ಅದು ಓಡುತ್ತಿದ್ದರೆ ಅಳತೆ ಸುಳ್ಳಾಗುತ್ತದೆ. ಆಮೇಲೆ ಇಂಚು ಗುರುತು ಹಾಕಿದ ಪಿವಿಸಿ ಪೈಪಿನ ಕೋಲನ್ನು ತಳ ಮುಟ್ಟುವಂತೆ ಇಳಿಸಿ ತೆಗೆದು, ಒದ್ದೆಯಾದ ಗುರುತಿನ ಫೋಟೋ ತೆಗೆದುಕೊಳ್ಳುತ್ತಾರೆ. ಒಂಬತ್ತು ಇಂಚು. ನೀರು ಬಿದ್ದು, ಅಲೆ ನಿಂತ ಮೇಲೆ ಮತ್ತೆ ಕೋಲು ಇಳಿಸುತ್ತಾರೆ. ಆರು ಸಾವಿರ ಲೀಟರ್ ಪೂರ್ತಿ ಇಳಿದಿದ್ದರೆ 53 ಇಂಚು ಏರಬೇಕು, ಕೋಲಿನಲ್ಲಿ 62 ಒದ್ದೆಯಾಗಬೇಕು. ಒದ್ದೆಯಾಗಿರುವುದು 56.

‘ಏನಣ್ಣ, ಆರಿಂಚು ಕಮ್ಮಿ ಇದೆ?’

‘ಆಂಟಿ, ಗಾಡಿ ಇಳಿಜಾರಲ್ಲಿ ನಿಂತಿದೆ, ಒಳಗೆ ಸ್ವಲ್ಪ ಉಳ್ಕೊಂಡಿರುತ್ತೆ.’

‘ಹಂಗಾದ್ರೆ ಗಾಡಿ ಸ್ವಲ್ಪ ಮುಂದಕ್ಕೆ ತಗೊ.’

ಆರಿಂಚು ಎಂದರೆ ಸುಮಾರು 680 ಲೀಟರ್. ಡ್ರೈವರ್ ಹೇಳಿದ್ದು ಹಲವು ಸಲ ನಿಜವೂ ಇರುತ್ತದೆ, ಗಾಡಿ ಸರಿಸಿದರೆ ಇನ್ನೆರಡು ಇಂಚು ಬರುತ್ತದೆ. ಬರದಿದ್ದರೆ ಟ್ಯಾಂಕಿನ ಅಳತೆಯೇ ಕಡಿಮೆ, ಅಥವಾ ತುಂಬಿಸಿದಾಗಲೇ ಪೂರ್ತಿ ತುಂಬಿಸಿಲ್ಲ. ಜಗಳವಾಡಬೇಕಾಗಿಲ್ಲ. ಮೂರು ಲೋಡಿನ ಫೋಟೋಗಳನ್ನು ಒಟ್ಟಿಗೆ ತೋರಿಸಿ, ‘ಇದು ಆರು ಸಾವಿರದ ಗಾಡಿಯಲ್ಲ, ಐದು ಚಿಲ್ಲರೆಯದು, ಅದರ ರೇಟು ಹೇಳಿ’ ಎಂದರೆ ಅವನ ಓನರಿಗೆ ಅರ್ಥವಾಗುತ್ತದೆ. ಅಳೆಯುವ ಮನೆ ಎಂದು ಗೊತ್ತಾದ ಮೇಲೆ ಬರುವ ಲೋಡು ಸರಿಯಾಗಿಯೇ ಇರುತ್ತದೆ.

ಅಳತೆಯ ಜೊತೆಗೇ ನೀರನ್ನೂ ನೋಡಬೇಕು. ಮೊದಲ ಬಕೆಟ್ಟನ್ನು ಹಿಡಿದು ಮೂಸಿ. ನೊರೆ ಎದ್ದು ಬೇಗ ಇಳಿಯದಿದ್ದರೆ, ಚರಂಡಿ ವಾಸನೆ ಬಂದರೆ ಪೈಪು ಸಂಪಿಗೆ ಇಳಿಸಲೇಬಾರದು. ಒಂದು ಸಲ ಬೆರೆತರೆ ಸಂಪು, ಟ್ಯಾಂಕು, ಪೈಪು ಎಲ್ಲ ತೊಳೆಸಬೇಕಾಗುತ್ತದೆ. ಅನೇಕರ ಬಳಿ ಇರುವ ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿರುವ ಲವಣಗಳನ್ನು ಮಾತ್ರ ಹೇಳುತ್ತದೆ. 500ರ ಒಳಗಿದ್ದರೆ ಒಳ್ಳೆಯದು. ಭೇದಿ ತರಿಸುವ ರೋಗಾಣು ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಬ್ಲೀಚಿಂಗ್ ಪುಡಿ ಬೇಕು: ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಆರು ಸಾವಿರದ ಲೋಡಿಗೆ 15 ಗ್ರಾಂ. ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರನ್ನಷ್ಟೇ ಸಂಪಿಗೆ ಸುರಿದು, ಒಂದು ಗಂಟೆ ಬಿಟ್ಟು ಮೇಲಕ್ಕೆ ಹತ್ತಿಸಬೇಕು. ಪ್ಯಾಕೆಟ್ ಒಡೆದು ತಿಂಗಳುಗಟ್ಟಲೆ ಇಟ್ಟ ಪುಡಿಯಲ್ಲಿ ಸತ್ವ ಇರುವುದಿಲ್ಲ. ಇಷ್ಟೆಲ್ಲ ಮಾಡಿದರೂ ಟ್ಯಾಂಕರ್ ನೀರನ್ನು ಕುದಿಸದೆ, ಶುದ್ಧೀಕರಿಸದೆ ಕುಡಿಯಲು ಬಳಸಬೇಡಿ.

ಇನ್ನು ದುಡ್ಡಿನ ಮಾತು, ಮೆಟ್ಟಿಲ ಮೇಲೆ ದನಿ ಏರುವ ಜಾಗ. ಟು-ಲೆಟ್ ಬೋರ್ಡಿನಲ್ಲಿ ‘24 ಗಂಟೆ ನೀರು’ ಎಂದಿತ್ತು, ಅಗ್ರಿಮೆಂಟಿನಲ್ಲಿ ನೀರಿನ ಸೊಲ್ಲೇ ಇಲ್ಲ. ಕಾನೂನಿನ ಆಸರೆ ಎಷ್ಟಿದೆ ಎಂದರೆ, 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತು ಬೆಂಗಳೂರಿನಲ್ಲಿ ಆ ಬಾಡಿಗೆಗೆ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಹೆಚ್ಚು. ಆದ್ದರಿಂದ ಬಾಡಿಗೆದಾರನಿಗೆ ಗಟ್ಟಿ ಆಧಾರ ಎಂದರೆ ಹನ್ನೊಂದು ತಿಂಗಳ ಆ ಅಗ್ರಿಮೆಂಟಿನ ಕಾಗದವೇ.

ಬೋರು, ಮೋಟರ್, ಸಂಪು, ಪೈಪು, ಟೈಮರ್ ಇವೆಲ್ಲ ಓನರ ಆಸ್ತಿ, ಅವುಗಳ ಖರ್ಚು ಅವರದು. ಇದರಲ್ಲಿ ತಕರಾರಿಲ್ಲ. ಟ್ಯಾಂಕರ್ ಖರ್ಚನ್ನು ಕೆಲವು ಓನರುಗಳು ಪೂರ್ತಿ ಹೊತ್ತುಕೊಂಡು ಮುಂದಿನ ವರ್ಷ ಬಾಡಿಗೆ ಏರಿಸುತ್ತಾರೆ, ಹೆಚ್ಚಿನವರು ಪೂರ್ತಿ ಬಾಡಿಗೆದಾರರ ತಲೆಗೆ ಕಟ್ಟುತ್ತಾರೆ. ಎರಡೂ ಕೆಟ್ಟ ವ್ಯವಸ್ಥೆ ಎಂಬುದು ನನ್ನ ಅಭಿಪ್ರಾಯ. ಓನರೇ ಎಲ್ಲ ಕೊಟ್ಟರೆ ಬಾಡಿಗೆದಾರನಿಗೆ ಸೋರುವ ನಲ್ಲಿಯ ಚಿಂತೆ ಇರುವುದಿಲ್ಲ. ಬಾಡಿಗೆದಾರರೇ ಎಲ್ಲ ಕೊಟ್ಟರೆ ಓನರಿಗೆ ಕಾವೇರಿ ಸಂಪರ್ಕ ಪಡೆಯುವ, ಮಳೆನೀರು ಹಿಡಿಯುವ ತುರ್ತು ಇರುವುದಿಲ್ಲ. ಕಾಲುಭಾಗವಾದರೂ ಓನರ ಜೇಬಿನಿಂದ ಹೋಗಬೇಕು.

ನಮ್ಮ ಕಟ್ಟಡಕ್ಕೆ ಹಾಕಿ ನೋಡೋಣ. ಲೋಡಿಗೆ 900 ರೂಪಾಯಿ ಎಂದು ಹಿಡಿದರೆ ಹನ್ನೊಂದು ಲೋಡಿಗೆ 9,900. ಓನರು ಕಾಲುಭಾಗ ಕೊಟ್ಟರೆ ಉಳಿಯುವುದು 7,425. ಇದರ ಜೊತೆಗೆ ಮೋಟರ್ ಕರೆಂಟು, ಬ್ಲೀಚಿಂಗ್ ಪುಡಿ, ಸಂಪು ತೊಳೆಸಲು ತೆಗೆದಿಡುವ ಹಣ ಎಲ್ಲ ಸೇರಿ ತಿಂಗಳಿಗೆ 1,200 ಎನ್ನೋಣ. ಎಂಟು ಮನೆಗೆ ಸಮನಾಗಿ ಹಂಚಿದರೆ ಮನೆಗೆ 1,078. ಇಬ್ಬರೇ ಇರುವ ಮನೆಯ ವಯಸ್ಸಾದ ದಂಪತಿ, ಮೇಲೆ ಆರು ಜನರ ಮನೆಯಲ್ಲಿ ದಿನಕ್ಕೆರಡು ಸಲ ವಾಷಿಂಗ್ ಮೆಷಿನ್ ತಿರುಗುವ ಸದ್ದು ಕೇಳುತ್ತ ಈ 1,078 ಕೊಡಬೇಕು. ಎರಡನೇ ತಿಂಗಳಿಗೇ ತಕರಾರು ಬರುತ್ತದೆ, ಬರಬೇಕಾದದ್ದೇ.

ತಲೆಲೆಕ್ಕ ಇದಕ್ಕಿಂತ ನ್ಯಾಯ. ಮನೆ ಇದ್ದಾಗ ತಗಲುವ ಖರ್ಚನ್ನು ಮನೆಗಿಷ್ಟು ಎಂದು, ನೀರಿನ ಖರ್ಚನ್ನು ತಲೆಗಿಷ್ಟು ಎಂದು ಬೇರೆ ಮಾಡಬೇಕು. 1,200 ಅನ್ನು ಎಂಟರಿಂದ ಭಾಗಿಸಿದರೆ ಮನೆಗೆ 150. 7,425 ಅನ್ನು 26ರಿಂದ ಭಾಗಿಸಿದರೆ ತಲೆಗೆ 286. ಇಬ್ಬರ ಮನೆಗೆ 722, ಆರು ಜನರ ಮನೆಗೆ 1,866. ಖಾಲಿ ಬಿದ್ದ ಮನೆಯ 150 ಓನರದು. ಊರಿಂದ ಬಂದ ನೆಂಟರು ಒಂದು ವಾರ ಮೀರಿದರೆ ತಲೆಲೆಕ್ಕಕ್ಕೆ ಸೇರುತ್ತಾರೆ ಎಂದು ಮೊದಲೇ ಬರೆದಿಟ್ಟರೆ ಆಮೇಲೆ ಯಾರ ಮನೆಗೆ ಯಾರ ಅತ್ತೆ ಬಂದರು ಎಂದು ಎಣಿಸುವ ಮುಜುಗರ ಇರುವುದಿಲ್ಲ. ಮಗುವನ್ನು ಅರ್ಧ ತಲೆ ಎಂದು ಹಿಡಿಯಬೇಕೆಂದು ಕೆಲವರು ವಾದಿಸುತ್ತಾರೆ. ಕೈಗೂಸು ಇರುವ ಮನೆಯಲ್ಲಿ ಬಟ್ಟೆ ಒಗೆದವರನ್ನು ಕೇಳಿದರೆ ಒಂದೂವರೆ ತಲೆ ಎಂದಾರು. ಪೂರ್ತಿ ಒಂದು ಎಂದು ಬಿಟ್ಟುಬಿಡುವುದು ಸುಲಭ. ನೆಲಮಹಡಿಯಲ್ಲಿ ಹೋಟೆಲ್ಲೋ ಪಿಜಿಯೋ ಇದ್ದರೆ ಮಾತ್ರ ಈ ಲೆಕ್ಕ ನಡೆಯದು. ಅವರಿಗೆ ಬೇರೆ ಟ್ಯಾಂಕು, ಬೇರೆ ಲೋಡು.

ಮೀಟರ್ ಹಾಕಿದರೆ ಎಲ್ಲ ಸರಿಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಾರಸಿಗೆ ಹೋಗಿ ನೋಡಿ. ಟ್ಯಾಂಕಿನಿಂದ ಪ್ರತಿ ಮನೆಗೂ ಒಂದೊಂದೇ ಪೈಪು ಇಳಿದಿದ್ದರೆ ಮನೆಗೊಂದು ಮೀಟರ್ ಕೂರಿಸುವುದು ಪ್ಲಂಬರನ ಒಂದೆರಡು ದಿನದ ಕೆಲಸ, ಹಾಕಿಸಲೇಬೇಕು. ಹಳೆಯ ಕಟ್ಟಡಗಳಲ್ಲಿ ಹಾಗಿರುವುದಿಲ್ಲ. ಒಂದು ಪೈಪು ಎಲ್ಲ ಮಹಡಿಗಳ ಅಡುಗೆಮನೆಗೆ, ಇನ್ನೊಂದು ಎಲ್ಲ ಬಚ್ಚಲಿಗೆ, ಮತ್ತೊಂದು ಶೌಚಾಲಯಕ್ಕೆ ಇಳಿದಿರುತ್ತದೆ. ಒಂದು ಮನೆಗೆ ಮೂರ್ನಾಲ್ಕು ಕಡೆಯಿಂದ ನೀರು ಬರುವುದರಿಂದ ಅಷ್ಟೂ ಕಡೆ ಗೋಡೆ ಒಡೆದು ಮೀಟರ್ ಹಾಕಬೇಕು. ಅಂಥಲ್ಲಿ ತಲೆಲೆಕ್ಕಕ್ಕೇ ತೃಪ್ತಿಪಡಬೇಕು.

ಮೀಟರ್ ಇಲ್ಲದಿದ್ದರೂ ಸೋರಿಕೆ ಹಿಡಿಯಬಹುದು. ಎಲ್ಲರೂ ಮಲಗಿದ ಮೇಲೆ, ಮೋಟರ್ ಆಫ್ ಇರುವಾಗ, ತಾರಸಿಯ ಟ್ಯಾಂಕುಗಳಲ್ಲಿ ನೀರಿನ ಮಟ್ಟ ಗುರುತು ಮಾಡಿ; ಬೆಳಗಿನ ಜಾವ ಎಲ್ಲರೂ ಏಳುವ ಮೊದಲು ಮತ್ತೆ ನೋಡಿ. ಸಾವಿರ ಲೀಟರಿನ ಟ್ಯಾಂಕಿನಲ್ಲಿ ಒಂದಿಂಚು ಎಂದರೆ ಸುಮಾರು 24 ಲೀಟರ್. ಯಾರೂ ಬಳಸದ ಹೊತ್ತಿನಲ್ಲಿ ನಾಲ್ಕೈದು ಇಂಚು ಇಳಿದಿದ್ದರೆ ಯಾರದೋ ಫ್ಲಶ್ ಟ್ಯಾಂಕಿನ ರಬ್ಬರು ಹೋಗಿದೆ. ಕಮೋಡಿನ ಒಳಗೋಡೆಗೆ ಒಣ ಟಿಶ್ಯೂ ಕಾಗದ ಅಂಟಿಸಿದರೆ ತಾನಾಗಿ ಒದ್ದೆಯಾಗುವುದರಿಂದ ಯಾವ ಮನೆ ಎಂದೂ ಗೊತ್ತಾಗುತ್ತದೆ. ಸಣ್ಣ ರಬ್ಬರಿನ ರಿಪೇರಿ ಅದು, ಆದರೆ ಬಿಟ್ಟರೆ ತಿಂಗಳಿಗೆ ಒಂದು ಲೋಡಿಗೂ ಮಿಕ್ಕಿ ನುಂಗಬಲ್ಲದು.

ಓನರಿಗೆ ತೋರಿಸಬೇಕಾದ ಲೆಕ್ಕವೂ ಒಂದಿದೆ. ಲೋಡಿಗೆ 900 ಎಂದರೆ ಲೀಟರಿಗೆ 15 ಪೈಸೆ. 2025ರಲ್ಲಿ ದರ ಏರಿಸಿದ ಮೇಲೂ ಜಲಮಂಡಳಿಯ ಗೃಹಬಳಕೆಯ ಮೊದಲ ಹಂತದ ದರ ಲೀಟರಿಗೆ ಒಂದು ಪೈಸೆಗಿಂತ ಕಡಿಮೆ. ಹೆಚ್ಚು ಬಳಸಿದಂತೆ ದರ ಏರುತ್ತದೆ ನಿಜ, ಆದರೂ ಟ್ಯಾಂಕರಿನ ಹತ್ತಿರಕ್ಕೂ ಬರುವುದಿಲ್ಲ. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಗಿದೆ; ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ ಅದು. ನಿಮ್ಮ ರಸ್ತೆಗೆ ಪೈಪು ಬಂದಿದ್ದೂ ಕಟ್ಟಡಕ್ಕೆ ಸಂಪರ್ಕ ಬಂದಿಲ್ಲವಾದರೆ ಅಡ್ಡಿ ಇರುವುದು ಸಂಪರ್ಕ ಶುಲ್ಕದಲ್ಲಿ. ಅದನ್ನು ಕಟ್ಟಬೇಕಾದವರು ಓನರು. ಬಾಡಿಗೆದಾರರು ಅರ್ಜಿ ಹಾಕಲಾಗದು, ಒತ್ತಾಯಿಸಬಹುದು. ಹಾಗೆಂದು ಕಾವೇರಿ ಬಂದ ದಿನವೇ ಟ್ಯಾಂಕರ್‌ನವನ ನಂಬರ್ ಅಳಿಸಬೇಡಿ. ಅದು ದಿನವಿಡೀ ಬರುವ ನೀರಲ್ಲ, ನಿಮ್ಮ ಬೀದಿಯ ಸರದಿಯಲ್ಲಿ ಕೆಲವು ಗಂಟೆ ಮಾತ್ರ ಬಿಡುತ್ತಾರೆ. ಸಂಪಿನ ಕೋಲು, ಗೆರೆ ಎಲ್ಲ ಆಗಲೂ ಬೇಕು.

ಮಳೆನೀರಿನ ವಿಷಯದಲ್ಲಿ ಒಂದೇ ಮಾತು. ಬೆಂಗಳೂರಿನಲ್ಲಿ ಮುಂಗಾರಿಗೆ ಮುಂಚಿನ ಗುಡುಗುಮಳೆ ಬೀಳುವುದು ಏಪ್ರಿಲ್, ಮೇ ತಿಂಗಳಲ್ಲಿ, ಟ್ಯಾಂಕರಿಗೆ ಅತಿ ಹೆಚ್ಚು ಕೊಡುವ ದಿನಗಳಲ್ಲೇ. ಸಾವಿರ ಚದರಡಿ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 1,500 ಲೀಟರಿನಷ್ಟು ಹಿಡಿಯಬಹುದು, ಎಂದರೆ ಕಾಲು ಲೋಡು. ಮೊದಲ ಕೊಳೆನೀರನ್ನು ಹೊರಕ್ಕೆ ಬಿಟ್ಟು, ಉಳಿದದ್ದನ್ನು ಫಿಲ್ಟರ್ ಮೂಲಕ ಸಂಪಿಗೆ ತಿರುಗಿಸುವ ಪೈಪು ಓನರು ಒಮ್ಮೆ ಮಾಡಿಸಿದರೆ ಸಾಕು.

ಇದನ್ನೆಲ್ಲ ಮಾತನಾಡಲು ಸರಿಯಾದ ಸಮಯ ಅಗ್ರಿಮೆಂಟ್ ನವೀಕರಿಸುವಾಗ, ಸಾಧ್ಯವಾದರೆ ಶಿವರಾತ್ರಿಗೆ ಮೊದಲು. ಬಿಸಿಲೇರಿದ ಮೇಲೆ ಓನರೂ ಸಿಟ್ಟಿನಲ್ಲಿರುತ್ತಾರೆ, ನೀವೂ ಇರುತ್ತೀರಿ. ಬಾಡಿಗೆ ಏರಿಸುವ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆಸಿ: ‘ಕೊಳವೆಬಾವಿ ನೀರು ಸಾಲದ ತಿಂಗಳಲ್ಲಿ ಟ್ಯಾಂಕರ್ ವೆಚ್ಚದ ಕಾಲುಭಾಗವನ್ನು ಮಾಲೀಕರು, ಉಳಿದದ್ದನ್ನು ವಾಸವಿರುವ ಜನರ ಸಂಖ್ಯೆಗೆ ಅನುಗುಣವಾಗಿ ಬಾಡಿಗೆದಾರರು ಭರಿಸತಕ್ಕದ್ದು, ಮೋಟರ್, ಸಂಪು ಮತ್ತು ಪೈಪುಗಳ ದುರಸ್ತಿ ಮಾಲೀಕರದು, ಪ್ರತಿ ಲೋಡಿನ ಅಳತೆ ಮತ್ತು ರಸೀದಿಯನ್ನು ಎಲ್ಲರಿಗೂ ತೋರಿಸತಕ್ಕದ್ದು.’ ಹೊಸ ಮನೆ ಹುಡುಕುತ್ತಿರುವವರು ಅಡ್ವಾನ್ಸ್ ಕೊಡುವ ಮುನ್ನ ಸಂಪಿನ ಮುಚ್ಚಳ ತೆಗೆಸಿ ನೋಡಿ, ಹೋದ ಏಪ್ರಿಲ್‌ನಲ್ಲಿ ಎಷ್ಟು ಲೋಡು ತರಿಸಿದ್ದರು ಎಂದು ಓನರನ್ನಲ್ಲ, ಎರಡನೇ ಮಹಡಿಯವರನ್ನು ಕೇಳಿ.